"ರೂಮು ಸಾಲಲ್ಲ" ಅಂದಾಗ ಕೇಳಬೇಕಾದ ಪ್ರಶ್ನೆ: ಎಷ್ಟು ಗಂಟೆಗೆ?

ಬಿ.ಕಾಂ ಹುಡುಗರು ಎರಡು ತಿಂಗಳು ವರಾಂಡದಲ್ಲಿ ಕೂತು ಪಾಠ ಕೇಳಿದರು. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜು ಅದು. ನಾನಾಗ ಅಲ್ಲಿ ಗಣಿತದ ಅತಿಥಿ ಉಪನ್ಯಾಸಕ. ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ವಾಣಿಜ್ಯದ ತರಗತಿಗೆ ಕೊಠಡಿ ಇರಲಿಲ್ಲ. ಕಿಟಕಿಯ ಸರಳಿಗೆ ಒಂದು ಬೋರ್ಡು ಕಟ್ಟಿ, ಒಳಗಿನ ಇತಿಹಾಸದ ಪಾಠ ಹೊರಗೂ, ಹೊರಗಿನ ಲೆಕ್ಕಪತ್ರ ಒಳಗೂ ಕೇಳಿಸುತ್ತಾ ಎರಡು ಗಂಟೆ ನಡೀತಿತ್ತು. ಕೇಳಿದರೆ ಒಂದೇ ಉತ್ತರ: "ಇರೋದು ಮೂರೇ ರೂಮು, ನಾಲ್ಕನೇದಕ್ಕೆ ಪ್ರಸ್ತಾವನೆ ಹೋಗಿದೆ." ಪ್ರಸ್ತಾವನೆ ಹೋದ ಮೇಲೆ ಏನಾಗುತ್ತೆ ಅಂತ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಆ ಉತ್ತರ ಸುಳ್ಳು ಅಂತ ಯಾರಿಗೂ ಅನ್ನಿಸಿರಲಿಲ್ಲ, ನನಗೂ ಕೂಡ. ವೇಳಾಪಟ್ಟಿಯ ಸಮಿತಿಯವರು ಸೋಮಾರಿಗಳಲ್ಲ. ಮೂರು ಸಂಜೆ ಕೂತು, ಅಳಿಸಿ ಬರೆದು ಮಾಡಿದ ಪಟ್ಟಿ ಅದು. ಎಷ್ಟು ತಿರುಗಿಸಿದರೂ ವಾಣಿಜ್ಯ ಹೊರಗೇ ಉಳೀತಿತ್ತು. ಇಷ್ಟು ಜನ ಇಷ್ಟು ಹೊತ್ತು ನೋಡಿಯೂ ಆಗಲಿಲ್ಲ ಅಂದಮೇಲೆ ಆಗೋದೇ ಇಲ್ಲ ಅನ್ನೋ ತೀರ್ಮಾನಕ್ಕೆ ಬರುವುದು ಸಹಜ. ಆದರೆ "ನಮಗೆ ಆಗಲಿಲ್ಲ" ಮತ್ತು "ಆಗುವುದೇ ಇಲ್ಲ" ಎರಡೂ ಬೇರೆ ಬೇರೆ ಮಾತು. ಕೊಠಡಿ ಹಂಚುವ ಲೆಕ್ಕದಲ್ಲಂತೂ ಇವೆರಡನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು. ಎಷ್ಟು ಗಂಟೆಗೆ ಸಾಲದು?

ಸೋಮವಾರದ ಪಟ್ಟಿ ಹೀಗಿತ್ತು. ಓದುವವರಿಗೆ ಸುಲಭವಾಗಲಿ ಅಂತ ವಿಷಯ ಮತ್ತು ಸಮಯಗಳನ್ನು ಸ್ವಲ್ಪ ಸರಳ ಮಾಡಿದ್ದೇನೆ, ಸಮಸ್ಯೆ ಅದೇ.

ಕನ್ನಡ 9:00–10:00
ಇತಿಹಾಸ 9:00–11:00
ಅರ್ಥಶಾಸ್ತ್ರ 9:30–10:30
ವಾಣಿಜ್ಯ 10:00–12:00
ರಾಜ್ಯಶಾಸ್ತ್ರ 10:30–11:30
ಗಣಿತ 11:00–12:30
ಇಂಗ್ಲಿಷ್ 11:30–12:30
ಸಮಾಜಶಾಸ್ತ್ರ 12:00–1:00
ಕಂಪ್ಯೂಟರ್ 12:30–1:30
ಹಿಂದಿ 12:30–2:00

ಸಮಿತಿ ಇದನ್ನು ತುಂಬಿಸಿದ್ದು ವಿಭಾಗವಾರು. ಮೊದಲು ಭಾಷೆಗಳು, ಆಮೇಲೆ ಕಲಾ ವಿಷಯಗಳು, ಕೊನೆಗೆ ವಾಣಿಜ್ಯ, ಗಣಿತ, ಕಂಪ್ಯೂಟರ್. ಪ್ರತಿ ವಿಷಯಕ್ಕೂ ಒಂದನೇ ಕೊಠಡಿಯಿಂದ ಶುರುಮಾಡಿ, ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಬರೆಯುವುದು. ಹಾಗಾಗಿ ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಒಂದನೇ ಕೊಠಡಿಗೆ ಬಂದವು. ಇತಿಹಾಸ ಎರಡನೆಯದಕ್ಕೆ, ಅರ್ಥಶಾಸ್ತ್ರ ಮೂರನೆಯದಕ್ಕೆ ಹೋಯಿತು. ರಾಜ್ಯಶಾಸ್ತ್ರಕ್ಕೆ ಒಂದನೇ ಕೊಠಡಿಯಲ್ಲೇ ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಜಾಗ ಸಿಕ್ಕಿತು. ಸಮಾಜಶಾಸ್ತ್ರ ಎರಡನೆಯದರಲ್ಲಿ ಕೂತಿತು. ಈಗ ವಾಣಿಜ್ಯದ ಸರದಿ, 10ರಿಂದ 12. ಒಂದರಲ್ಲಿ 10:30ಕ್ಕೆ ರಾಜ್ಯಶಾಸ್ತ್ರ ಬರುತ್ತೆ. ಎರಡರಲ್ಲಿ 11ರವರೆಗೆ ಇತಿಹಾಸ ಮುಗಿದಿರಲ್ಲ. ಮೂರರಲ್ಲಿ 10:30ರವರೆಗೆ ಅರ್ಥಶಾಸ್ತ್ರ. ಎಲ್ಲೂ ಜಾಗ ಇಲ್ಲ, ವರಾಂಡಕ್ಕೆ ಹೋಗು. ಉಳಿದ ಗಣಿತ, ಕಂಪ್ಯೂಟರ್ ಎರಡೂ ಮೂರನೇ ಕೊಠಡಿಯಲ್ಲಿ ಸೇರಿಕೊಂಡವು.

ಈ ಹಂಚಿಕೆಯಲ್ಲಿ ಯಾವ ಕೊಠಡಿ ಯಾವಾಗ ಖಾಲಿ ಬಿದ್ದಿತ್ತು ನೋಡಿ. ಒಂದನೆಯದು 10ರಿಂದ 10:30. ಮೂರನೆಯದು 10:30ರಿಂದ 11. ಎರಡನೆಯದು 11ರಿಂದ 12. ಕೂಡಿಸಿದರೆ ಸರಿಯಾಗಿ ಎರಡು ಗಂಟೆ, ಅದೂ 10ರಿಂದ 12ರವರೆಗೆ ಒಂದು ನಿಮಿಷವೂ ಬಿಡದೆ. ಅಂದರೆ ವಾಣಿಜ್ಯದ ಹುಡುಗರು ವರಾಂಡದಲ್ಲಿ ಕೂತಿದ್ದ ಪ್ರತಿ ಕ್ಷಣದಲ್ಲೂ ಪಕ್ಕದಲ್ಲಿ ಯಾವುದೋ ಒಂದು ಕೊಠಡಿ ಬಾಗಿಲು ಹಾಕಿಕೊಂಡು ಖಾಲಿ ಇತ್ತು! ಖಾಲಿ ಜಾಗ ಮೂರು ತುಂಡಾಗಿ ಮೂರು ಕಡೆ ಹಂಚಿಹೋಗಿತ್ತು, ಅಷ್ಟೆ. ನಡುನಡುವೆ ಎದ್ದು ಓಡಾಡುವ ತರಗತಿಗೆ ಮಾತ್ರ ಅದು ಸಾಕಾಗುತ್ತಿತ್ತು.

ಹಾಗಾದರೆ ಸರಿಯಾದ ದಾರಿ ಯಾವುದು? ವಿಭಾಗದ ಕ್ರಮ ಬಿಟ್ಟು, ಶುರುವಾಗುವ ಸಮಯದ ಕ್ರಮದಲ್ಲಿ ತರಗತಿಗಳನ್ನು ಸಾಲಾಗಿ ಬರೆಯಿರಿ. ಬೆಳಿಗ್ಗೆಯಿಂದ ಗಡಿಯಾರದ ಜೊತೆಗೇ ಕೆಳಗಿಳಿಯುತ್ತಾ ಹೋಗಿ. ಒಂದು ತರಗತಿ ಶುರುವಾಗುವ ಹೊತ್ತಿಗೆ ಈಗಾಗಲೇ ತೆರೆದ ಕೊಠಡಿಗಳಲ್ಲಿ ಯಾವುದಾದರೂ ಖಾಲಿ ಇದ್ದರೆ ಅಲ್ಲಿಗೆ ಕಳಿಸಿ. ಯಾವುದೂ ಇಲ್ಲದಿದ್ದರೆ ಮಾತ್ರ ಹೊಸದನ್ನು ತೆರೆಯಿರಿ. ಅಷ್ಟೇ ವಿಧಾನ.

ನಮ್ಮ ಸೋಮವಾರಕ್ಕೆ ಇದನ್ನು ಹಚ್ಚೋಣ. 9ಕ್ಕೆ ಕನ್ನಡ ಒಂದನೆಯದಕ್ಕೆ, ಇತಿಹಾಸ ಎರಡನೆಯದಕ್ಕೆ. 9:30ಕ್ಕೆ ಎರಡೂ ತುಂಬಿವೆ, ಅರ್ಥಶಾಸ್ತ್ರಕ್ಕೆ ಮೂರನೆಯದು ತೆರೆಯಿತು. 10ಕ್ಕೆ ಕನ್ನಡ ಎದ್ದಿತು, ಆ ಜಾಗಕ್ಕೆ ವಾಣಿಜ್ಯ ಬಂತು. 10:30ಕ್ಕೆ ಅರ್ಥಶಾಸ್ತ್ರ ಎದ್ದ ಮೂರನೆಯದಕ್ಕೆ ರಾಜ್ಯಶಾಸ್ತ್ರ. 11ಕ್ಕೆ ಇತಿಹಾಸ ಬಿಟ್ಟ ಎರಡನೆಯದಕ್ಕೆ ಗಣಿತ. 11:30ಕ್ಕೆ ಮೂರನೆಯದಕ್ಕೆ ಇಂಗ್ಲಿಷ್. 12ಕ್ಕೆ ವಾಣಿಜ್ಯ ಮುಗಿದ ಒಂದನೆಯದಕ್ಕೆ ಸಮಾಜಶಾಸ್ತ್ರ. 12:30ಕ್ಕೆ ಎರಡನೆಯದೂ ಮೂರನೆಯದೂ ಒಟ್ಟಿಗೆ ಖಾಲಿಯಾಗುತ್ತವೆ, ಕಂಪ್ಯೂಟರ್ ಮತ್ತು ಹಿಂದಿ ಒಂದೊಂದಕ್ಕೆ. ಮುಗೀತು. ಮೂರೇ ಕೊಠಡಿ, ವರಾಂಡ ಖಾಲಿ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಈ ವಿಧಾನ ಮುಂದಿನದನ್ನು ನೋಡುವುದೇ ಇಲ್ಲ. ಯಾವ ತರಗತಿ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತಲೂ ಮೊದಲೇ ತಿಳಿದಿರಬೇಕಾಗಿಲ್ಲ. ನಮ್ಮ ಅಟೆಂಡರ್ ಕೀ ಗೊಂಚಲು ಇಟ್ಟುಕೊಂಡು ಬಾಗಿಲಲ್ಲಿ ನಿಂತರೆ ಸಾಕು. ಬಂದವರಿಗೆ ಒಂದು ಕೀ, ಮುಗಿಸಿ ಬಂದವರಿಂದ ವಾಪಸ್. ಸಮಿತಿಯವರು ಮೂರು ಸಂಜೆ ತಲೆಕೆಡಿಸಿಕೊಂಡಿದ್ದನ್ನು ಅವರು ನಿಂತ ಕಡೆಯೇ ಮಾಡಿ ಮುಗಿಸುತ್ತಿದ್ದರು. ನಾನು ಇದನ್ನು ಅವರಿಗೆ ಹೇಳಿದಾಗ "ನಮ್ಮನ್ನ ಯಾರ್ ಕೇಳ್ತಾರೆ ಬಿಡಿ ಸಾರ್" ಅಂದರು.

ಆದರೂ ಒಂದು ಅನುಮಾನ ಉಳಿಯುತ್ತೆ. ಈ ಸೋಮವಾರಕ್ಕೆ ಸರಿಹೋಯಿತು, ಎಲ್ಲ ಪಟ್ಟಿಗೂ ಹೀಗೇ ಅತಿ ಕಡಿಮೆ ಕೊಠಡಿ ಬರುತ್ತೆ ಅಂತ ಏನು ಖಾತ್ರಿ? ಇದಕ್ಕೆ ಉತ್ತರ ತುಂಬಾ ಚಿಕ್ಕದು, ಬೀಜಗಣಿತ ಬೇಡ. ವಿಧಾನ ನಾಲ್ಕನೇ ಕೊಠಡಿ ತೆರೆಯಿತು ಅಂದುಕೊಳ್ಳಿ. ತೆರೆದದ್ದು ಯಾಕೆ? ಆ ಗಳಿಗೆಯಲ್ಲಿ ಮೊದಲ ಮೂರೂ ತುಂಬಿದ್ದವು. ಅವುಗಳಲ್ಲಿ ಇರುವ ತರಗತಿಗಳು ಶುರುವಾಗಿವೆ, ಇನ್ನೂ ಮುಗಿದಿಲ್ಲ. ಅವು ಮೂರು, ಈಗ ಬಾಗಿಲಲ್ಲಿ ನಿಂತಿರುವುದು ಒಂದು, ಒಟ್ಟು ನಾಲ್ಕು ತರಗತಿ ಒಂದೇ ಗಳಿಗೆಯಲ್ಲಿ ನಡೆಯಬೇಕು. ನಾಲ್ಕು ಒಟ್ಟಿಗೆ ನಡೆಯಬೇಕಾದರೆ ಎಂಥ ಬುದ್ಧಿವಂತ ಹಂಚಿದರೂ ನಾಲ್ಕು ಕೊಠಡಿ ಬೇಕೇ ಬೇಕು. ಅಂದರೆ ಈ ವಿಧಾನ ಹೊಸ ಬಾಗಿಲು ತೆರೆಯುವಾಗಲೆಲ್ಲ ಅದಕ್ಕೆ ಪುರಾವೆಯನ್ನೂ ಜೊತೆಗೇ ಕೊಡುತ್ತದೆ, ಗಂಟೆ ಮತ್ತು ನಿಮಿಷದ ಸಮೇತ.

ಹಾಗಾಗಿಯೇ "ಎಷ್ಟು ಗಂಟೆಗೆ" ಅನ್ನುವ ಪ್ರಶ್ನೆ. ನಾಲ್ಕು ತರಗತಿ ಒಟ್ಟಿಗೆ ಬೀಳುವ ಒಂದು ಗಳಿಗೆಯನ್ನು ತೋರಿಸಿದರೆ ಕೊರತೆ ನಿಜ. ತೋರಿಸಲು ಆಗದಿದ್ದರೆ ಮೂರರಲ್ಲಿ ಹಂಚುವ ದಾರಿ ಖಂಡಿತ ಇದೆ. ನಡುವೆ ಮೂರನೇ ಸಾಧ್ಯತೆ ಇಲ್ಲ. ಆ ಗಳಿಗೆ ಹುಡುಕುವುದಕ್ಕೆ ಒಂದು ಹಾಳೆ ಸಾಕು: ಶುರುವಿನ ಸಮಯ, ಮುಗಿಯುವ ಸಮಯ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕ್ರಮವಾಗಿ ಬರೆದು, ಶುರುವಿಗೆ ಒಂದು ಕೂಡಿಸಿ, ಮುಕ್ತಾಯಕ್ಕೆ ಒಂದು ಕಳೆಯುತ್ತಾ ಹೋಗಿ. ಮೊತ್ತ ಎಲ್ಲಿ ಅತಿ ಹೆಚ್ಚಾಯಿತೋ ಅದೇ ಬೇಕಾದ ಕೊಠಡಿಗಳ ಸಂಖ್ಯೆ. ನಮ್ಮ ಸೋಮವಾರ 9:30ಕ್ಕೆ ಮೂರಾಗಿ, ಮಧ್ಯಾಹ್ನ 1ರವರೆಗೂ ಮೂರರಲ್ಲೇ ನಿಲ್ಲುತ್ತದೆ, ನಾಲ್ಕಕ್ಕೆ ಏರುವುದೇ ಇಲ್ಲ.

ಗಣಿತದವರು ಇದನ್ನು ಚಿತ್ರವಾಗಿ ನೋಡುತ್ತಾರೆ. ಪ್ರತಿ ತರಗತಿಗೂ ಒಂದು ಚುಕ್ಕಿ. ಎರಡು ತರಗತಿಗಳ ಸಮಯ ಒಂದರ ಮೇಲೊಂದು ಬಿದ್ದರೆ ಆ ಚುಕ್ಕಿಗಳ ನಡುವೆ ಗೆರೆ. ಹೀಗೆ ಕಾಲದ ತುಣುಕುಗಳಿಂದ ಹುಟ್ಟುವ ಜಾಲಕ್ಕೆ ಇಂಟರ್ವಲ್ ಗ್ರಾಫ್ ಅಂತ ಹೆಸರು. ಕೊಠಡಿ ಹಂಚುವುದು ಅಂದರೆ ಗೆರೆ ಇರುವ ಎರಡು ಚುಕ್ಕಿಗೆ ಒಂದೇ ಬಣ್ಣ ಬರದಂತೆ ಬಣ್ಣ ಹಚ್ಚುವುದು. ಯಾವುದೋ ಒಂದು ಜಾಲ ಕೊಟ್ಟು ಅತಿ ಕಡಿಮೆ ಬಣ್ಣ ಹುಡುಕಿ ಅಂದರೆ ಅದು ಕುಖ್ಯಾತ ಕಷ್ಟದ ಲೆಕ್ಕ. ಅಲ್ಲಿ ಪುರಾವೆಯೂ ಹೀಗೆ ಸುಲಭವಾಗಿ ಸಿಗಲ್ಲ. ಪರೀಕ್ಷೆಯ ವೇಳಾಪಟ್ಟಿ ಮಾಡಿದವರಿಗೆ ಅದರ ರುಚಿ ಗೊತ್ತು. ಐದು ವಿಷಯಗಳನ್ನು ವೃತ್ತದಲ್ಲಿ ಕೂರಿಸಿ, ಅಕ್ಕಪಕ್ಕದ ವಿಷಯಗಳಿಗೆ ಮಾತ್ರ ಸಾಮಾನ್ಯ ವಿದ್ಯಾರ್ಥಿಗಳಿದ್ದಾರೆ ಅಂದುಕೊಳ್ಳಿ. ಪರಸ್ಪರ ಘರ್ಷಿಸುವ ಮೂರು ವಿಷಯ ಎಲ್ಲೂ ಇಲ್ಲ, ಆದರೂ ಎರಡು ಹೊತ್ತಿನಲ್ಲಿ ಪರೀಕ್ಷೆ ಮುಗಿಸಲು ಆಗಲ್ಲ, ಮೂರು ಬೇಕು. ಒಂದು, ಎರಡು, ಒಂದು, ಎರಡು ಅಂತ ಹಚ್ಚುತ್ತಾ ಬಂದರೆ ಐದನೆಯದು ಮೊದಲನೆಯದಕ್ಕೆ ಡಿಕ್ಕಿ ಹೊಡೆಯುತ್ತೆ. ಇಲ್ಲಿ ಯಾವುದೇ ಒಂದು ಜಾಗವನ್ನು ಬೆರಳು ಮಾಡಿ ತೋರಿಸಿ "ಇದಕ್ಕೇ ಮೂರು ಬೇಕು" ಅನ್ನಲು ಸಾಧ್ಯವಿಲ್ಲ, ಇಡೀ ವೃತ್ತವೇ ಕಾರಣ. ಒಂದೇ ದಿನದ ತರಗತಿಗಳಿಂದ ಇಂಥ ಖಾಲಿ ಹೊಟ್ಟೆಯ ವೃತ್ತ ಹುಟ್ಟುವುದೇ ಇಲ್ಲ, ಯಾಕಂದರೆ ಕಾಲ ಮುಂದಕ್ಕೆ ಮಾತ್ರ ಹೋಗುತ್ತೆ, ಸುತ್ತಿಕೊಂಡು ಬರಲ್ಲ. ಸುತ್ತಿಕೊಂಡು ಬಂದರೆ, ಅಂದರೆ ಪ್ರತಿದಿನ ಮರುಕಳಿಸುವ, ಮಧ್ಯರಾತ್ರಿ ದಾಟುವ ಪಾಳಿಗಳಂಥವಕ್ಕೆ ಖಾಯಂ ಕೊಠಡಿ ಹಂಚಬೇಕಾದರೆ, ಲೆಕ್ಕ ಮತ್ತೆ ಕಷ್ಟವಾಗುತ್ತೆ.

ಇದೇ ವಿಧಾನ ನಿಮ್ಮ ಮೊಬೈಲ್ ಒಳಗೂ ಕೆಲಸ ಮಾಡುತ್ತಿರಬಹುದು. ಪ್ರೊಸೆಸರಿನ ಒಳಗೆ ಅತಿ ವೇಗದ ಪುಟ್ಟ ಖಾನೆಗಳಿರುತ್ತವೆ, ಅವನ್ನು ರಿಜಿಸ್ಟರ್ ಅನ್ನುತ್ತಾರೆ (ಹಾಜರಿ ಪುಸ್ತಕ ಅಲ್ಲ). ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾದ 64 ಬಿಟ್ ಇಂಟೆಲ್ ಮಾದರಿಯಲ್ಲಿ ಸಾಮಾನ್ಯ ಬಳಕೆಗೆ ಇರುವಂಥವು ಬಹುಕಾಲ 16 ಮಾತ್ರ. ಪ್ರೋಗ್ರಾಮಿನಲ್ಲಿ ಬರುವ ಪ್ರತಿ ಬೆಲೆಯೂ ಒಂದು ತರಗತಿಯಂತೆ: ಹುಟ್ಟಿದ ಸಾಲಿನಿಂದ ಕೊನೆಯ ಬಾರಿ ಬಳಕೆಯಾಗುವ ಸಾಲಿನವರೆಗೆ ಅದಕ್ಕೆ ಒಂದು ಖಾನೆ ಬೇಕು. ಪೊಲೆಟ್ಟೊ ಮತ್ತು ಸರ್ಕಾರ್ ಎಂಬಿಬ್ಬರು 1999ರಲ್ಲಿ ಪ್ರಕಟಿಸಿದ ಲೀನಿಯರ್ ಸ್ಕ್ಯಾನ್ ಎಂಬ ವಿಧಾನ ಮಾಡುವುದು ನಮ್ಮ ಅಟೆಂಡರ್ ಮಾಡುವುದನ್ನೇ, ಶುರುವಿನ ಕ್ರಮದಲ್ಲಿ ಒಂದೇ ಸಲ ಗುಡಿಸಿಕೊಂಡು ಹೋಗುವುದು.

ಆದರೆ ಅವರ ಹತ್ತಿರ ನಮಗೆ ಬೇಕಾದ ಇನ್ನೊಂದು ಉತ್ತರವೂ ಇದೆ. ಖಾನೆಗಳು ನಿಜವಾಗಿಯೂ ಸಾಲದಾದಾಗ ಯಾರನ್ನು ಹೊರಗೆ, ಅಂದರೆ ನಿಧಾನದ ಮೆಮೊರಿಗೆ ಕಳಿಸಬೇಕು? ಈಗ ಒಳಗಿರುವವರು ಮತ್ತು ಬಾಗಿಲಲ್ಲಿ ನಿಂತವರ ಪೈಕಿ ಯಾರು ಎಲ್ಲರಿಗಿಂತ ತಡವಾಗಿ ಮುಗಿಸುತ್ತಾರೋ ಅವರನ್ನು. ಕೊನೆಗೆ ಬಂದವರನ್ನಲ್ಲ, ಪಟ್ಟಿಯಲ್ಲಿ ಕೆಳಗಿದ್ದವರನ್ನೂ ಅಲ್ಲ. ಉದ್ದದ ತರಗತಿ ಹೊರಹೋದರೆ ಕೊಠಡಿ ಬೇಗ ಬೇಗ ಖಾಲಿಯಾಗುತ್ತಾ ಹೋಗಿ, ಮುಂದೆ ಬರುವವರಿಗೆ ಜಾಗ ಸಿಗುತ್ತದೆ. ಇಲ್ಲಿ ಮಾತ್ರ ಮುಗಿಯುವ ಸಮಯ ಮೊದಲೇ ಗೊತ್ತಿರಬೇಕು. ಎರಡು ಗಂಟೆ ಬಿಸಿಲಲ್ಲಿ ಕೂರುವ ಮಕ್ಕಳಿಗೆ ಇದು ನ್ಯಾಯವೋ ಅಂದರೆ ಅಲ್ಲ. ರಿಜಿಸ್ಟರಿಗೆ ಬಿಸಿಲು ತಾಗಲ್ಲ.

ಇಷ್ಟು ಸಲೀಸಾದ ವಿಧಾನ ಎಲ್ಲಿ ಕೈಕೊಡುತ್ತೆ ಅಂತಲೂ ಹೇಳಬೇಕು. ಮೊದಲನೆಯದು, ಹತ್ತಿರದಲ್ಲೇ ಇರುವ ಒಂದು ತಪ್ಪು ದಾರಿ. "ಮೊದಲು ಒಂದು ಕೊಠಡಿಯನ್ನು ಆದಷ್ಟು ತುಂಬಿಸಿ, ಆಮೇಲೆ ಇನ್ನೊಂದಕ್ಕೆ ಹೋಗೋಣ" ಅನ್ನುವುದು ಕೇಳಲು ಜಾಣತನವೇ. ನಾಲ್ಕು ತರಗತಿ ತಗೊಳ್ಳಿ: 9ರಿಂದ 11, 9:30ರಿಂದ 11:30, 11ರಿಂದ 2, 12ರಿಂದ 1. ಮೊದಲ ಕೊಠಡಿಗೆ ಬೇಗ ಮುಗಿಯುವವನ್ನು ಆರಿಸುತ್ತಾ ಹೋದರೆ 9–11 ಮತ್ತು 12–1 ಕೂರುತ್ತವೆ. ಉಳಿದವೆರಡು 11ರಿಂದ 11:30ರವರೆಗೆ ಒಂದರ ಮೇಲೊಂದು ಬೀಳುತ್ತವೆ, ಒಟ್ಟು ಮೂರು ಕೊಠಡಿ ಆಯಿತು. ಶುರುವಿನ ಕ್ರಮದಲ್ಲಿ ಹೋಗಿದ್ದರೆ 9–11 ಆದಮೇಲೆ ಅಲ್ಲೇ 11–2, ಇನ್ನೊಂದರಲ್ಲಿ ಉಳಿದೆರಡು. ಎರಡೇ ಸಾಕಿತ್ತು.

ಎರಡನೆಯದು ಇನ್ನೂ ಮುಖ್ಯ, ಅದು ಗಡಿಯ ನಿಮಿಷದ ಪ್ರಶ್ನೆ. 10ಕ್ಕೆ ಕನ್ನಡ ಮುಗಿದು 10ಕ್ಕೇ ವಾಣಿಜ್ಯ ಶುರು ಅಂತ ನಾನು ಸಲೀಸಾಗಿ ಬರೆದೆ. ಅರವತ್ತು ಮಕ್ಕಳು ಎದ್ದು ಹೋಗಿ ಇನ್ನರವತ್ತು ಮಕ್ಕಳು ಬಂದು ಕೂರಲು ಶೂನ್ಯ ನಿಮಿಷ ಹಿಡಿಯಲ್ಲ. ಪ್ರತಿ ತರಗತಿಯ ನಂತರ ಹತ್ತು ನಿಮಿಷ ಕೊಠಡಿ ಖಾಲಿ ಇರಬೇಕು ಅಂತ ಇಟ್ಟುಕೊಂಡರೆ ಪ್ರತಿ ತರಗತಿಯ ಮುಕ್ತಾಯವನ್ನು ಹತ್ತು ನಿಮಿಷ ಮುಂದಕ್ಕೆ ಬರೆದು ಮತ್ತೆ ಎಣಿಸಬೇಕು. ಆಗ ನಮ್ಮ ಸೋಮವಾರಕ್ಕೆ 10 ಗಂಟೆಗೆ ನಾಲ್ಕು ಬೇಕಾಗುತ್ತವೆ. 12:30ಕ್ಕಂತೂ ಐದು: ಗಣಿತ ಮತ್ತು ಇಂಗ್ಲಿಷ್ ಇನ್ನೂ ಬಿಟ್ಟಿಲ್ಲ, ಸಮಾಜಶಾಸ್ತ್ರ ನಡೆಯುತ್ತಿದೆ, ಕಂಪ್ಯೂಟರ್ ಮತ್ತು ಹಿಂದಿ ಬಾಗಿಲಲ್ಲಿವೆ. ಹತ್ತು ನಿಮಿಷಕ್ಕೆ ಮೂರು ಕೊಠಡಿ ಐದಾಯಿತು! ಅದೇ ಹತ್ತು ನಿಮಿಷವನ್ನು ತರಗತಿಯ ಒಳಗಿಂದಲೇ ಕಳೆದರೆ, ಅಂದರೆ 9ರ ತರಗತಿ 9:50ಕ್ಕೆ ಬಿಟ್ಟರೆ, ಮತ್ತೆ ಮೂರೇ. ಹಾಗಾಗಿ ಯಾರಾದರೂ ಕೊಠಡಿಗಳ ಲೆಕ್ಕ ಕೊಟ್ಟಾಗ ಅದರಲ್ಲಿ ಗಂಟೆ ಹೊಡೆಯುವ ಕ್ಷಣವನ್ನು ಹೇಗೆ ಎಣಿಸಿದ್ದಾರೆ ಅಂತ ನೋಡಿ. ಕಂಪ್ಯೂಟರಿನಲ್ಲಿ ಮಾಡಿದ ಪಟ್ಟಿಗಳಲ್ಲೂ ತಪ್ಪು ಅಡಗಿರುವುದು ಹೆಚ್ಚಾಗಿ ಇಲ್ಲೇ: ಒಂದೇ ಸಮಯಕ್ಕೆ ಒಂದು ಮುಕ್ತಾಯ, ಒಂದು ಶುರು ಬಂದರೆ ಮೊದಲು ಮುಕ್ತಾಯವನ್ನು ಕಳೆಯಬೇಕು, ತಿರುಗುಮುರುಗಾದರೆ ಇಲ್ಲದ ಕೊರತೆ ಕಾಣಿಸುತ್ತದೆ.

ಮೂರನೆಯದು, ಕೊಠಡಿಗಳು ಒಂದೇ ಥರ ಅಂತ ನಾವು ಅಂದುಕೊಂಡಿದ್ದು. ಒಂದರಲ್ಲಿ ನೂರು ಜನ, ಇನ್ನೊಂದರಲ್ಲಿ ನಲವತ್ತು ಜನ ಹಿಡಿಯುವುದಾದರೆ, ಅಥವಾ ಪ್ರೊಜೆಕ್ಟರ್ ಒಂದರಲ್ಲೇ ಇದ್ದರೆ, ಎಣಿಕೆ ಸರಿಹೋದರೂ ಹಂಚಿಕೆ ಸರಿಹೋಗದೆ ಇರಬಹುದು. "ಈ ವಿಷಯಕ್ಕೆ ಇದೇ ರೂಮು" ಅನ್ನುವ ಹಠವೂ ಅದೇ ಜಾತಿಯದ್ದು. ಕೆಲವು ತರಗತಿಗಳಿಗೆ ಕೊಠಡಿಯನ್ನು ಮೊದಲೇ ಗುರುತುಹಾಕಿಟ್ಟು ಉಳಿದವನ್ನು ಹಂಚಿ ಅಂದರೆ ಲೆಕ್ಕ ಮತ್ತೆ ಆ ಕುಖ್ಯಾತ ಕಷ್ಟದ ಸಾಲಿಗೆ ಸೇರುತ್ತೆ. ನಮ್ಮ ಸೋಮವಾರ 9:30ರಿಂದ 1ರವರೆಗೆ ಮೂರೂ ಕೊಠಡಿ ಒಂದು ನಿಮಿಷವೂ ಬಿಡುವಿಲ್ಲದೆ ತುಂಬಿರಬೇಕು. ಕನ್ನಡ ಎದ್ದ ಜಾಗಕ್ಕೆ ವಾಣಿಜ್ಯವೇ ಬರಬೇಕು, ಬೇರೆ ಆಯ್ಕೆಯೇ ಇಲ್ಲ. ಇಡೀ ದಿನದಲ್ಲಿ ಅದಲುಬದಲು ಮಾಡಬಹುದಾದದ್ದು 12:30ರ ಕಂಪ್ಯೂಟರ್ ಮತ್ತು ಹಿಂದಿ ಮಾತ್ರ. ಕನ್ನಡ ಮತ್ತು ಇಂಗ್ಲಿಷ್ ಒಂದೇ ಕೊಠಡಿಯಲ್ಲಿ ಇರಲಿ ಅಂತ ಅಂದ ಕ್ಷಣವೇ ಮೂರರಲ್ಲಿ ಮುಗಿಸುವ ದಾರಿ ಮುಚ್ಚಿಹೋಗಿತ್ತು. ವಾಣಿಜ್ಯವನ್ನು ವರಾಂಡಕ್ಕೆ ಹಾಕಿದ್ದು ಕೊನೆಯ ಸಂಜೆ ಅಲ್ಲ, ಮೊದಲ ಸಂಜೆ ಪಟ್ಟಿಯ ಎರಡನೇ ಹೆಸರು ಬರೆಯುವಾಗಲೇ.

ಇದನ್ನು ಸಮಿತಿಯ ಮುಂದೆ ಇಟ್ಟಾಗ ಗಣಿತಕ್ಕಿಂತ ಹೆಚ್ಚು ಚರ್ಚೆಯಾಗಿದ್ದು "ಭಾಷೆಯವರು ರೂಮು ಬದಲಿಸಬೇಕಾ" ಅನ್ನುವುದರ ಬಗ್ಗೆ. ಅಂತೂ ತರಗತಿಗಳನ್ನು ಐದು ಹತ್ತು ನಿಮಿಷ ಬೇಗ ಬಿಡುವುದು ಅಂತಾಗಿ, ಸೋಮವಾರ ವಾಣಿಜ್ಯ ಒಳಗೆ ಬಂತು. ಆಮೇಲೆ ಉಳಿದ ದಿನಗಳನ್ನೂ ಎಣಿಸಿದೆವು. ಬುಧವಾರ, ಶುಕ್ರವಾರ ಮೂರರಲ್ಲಿ ಮುಗಿದವು. ಮಂಗಳವಾರ ಬೆಳಿಗ್ಗೆ 11:15ಕ್ಕೆ ಮಾತ್ರ ನಾಲ್ಕು ತರಗತಿ ನಿಜವಾಗಿಯೂ ಒಟ್ಟಿಗೆ ಬೀಳುತ್ತಿದ್ದವು, ಅದನ್ನು ಯಾವ ಹಂಚಿಕೆಯೂ ಸರಿಮಾಡುವಂತಿರಲಿಲ್ಲ. ಹಳೆಯ ಪ್ರಸ್ತಾವನೆಯನ್ನು ವಾಪಸ್ ತೆಗೆದುಕೊಂಡು ಹೊಸದು ಬರೆದರು. ಅದರಲ್ಲಿ "ಕೊಠಡಿಗಳ ತೀವ್ರ ಕೊರತೆ" ಅನ್ನುವ ಸಾಲಿನ ಜಾಗದಲ್ಲಿ ನಾಲ್ಕು ತರಗತಿಗಳ ಹೆಸರು, ಮಕ್ಕಳ ಸಂಖ್ಯೆ, ಮತ್ತು "ಮಂಗಳವಾರ, 11:15" ಅಂತ ಇತ್ತು.